ಇಪ್ಪತ್ತೈದು ಫರಸಿ, ಮೂವತ್ತೆರಡು ಫರಸಿ

ಆಗ ನಾನು ಶಹಾಪುರ ತಾಲೂಕಿನಲ್ಲಿ, ಕಾಲುವೆಯ ದಂಡೆಗಿರುವ ಹಳ್ಳಿಯೊಂದರ ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಸುರಪುರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬಸ್ಸು ಎಷ್ಟು ನಿಮಿಷ ತಡ ಮಾಡಿತು, ಆರನೆಯ ತರಗತಿಯಲ್ಲಿ ಎಷ್ಟು ಹಾಜರಿ, ಎಷ್ಟು ಸೀಮೆಸುಣ್ಣ ಮುರಿಯಿತು, ಎಲ್ಲವೂ ನನ್ನ ಡೈರಿಗೆ ಹೋಗುತ್ತಿತ್ತು. ಬರೆದಿಟ್ಟದ್ದು ತಪ್ಪಾಗಲಾರದು ಎಂದು ನಂಬಿದ್ದ ವಯಸ್ಸು ಅದು.

ಆ ವರ್ಷ ವಿಸ್ತೀರ್ಣ ಮತ್ತು ಸುತ್ತಳತೆಯ ಪಾಠ ಬಂದಾಗ ಮಕ್ಕಳಿಗೆ ಸೂತ್ರ ಬಾಯಿಪಾಠವಿತ್ತು, ಅರ್ಥವಿರಲಿಲ್ಲ. ಸುತ್ತಳತೆ ಒಂದೇ ಆದರೆ ಒಳಗಿನ ಜಾಗವೂ ಒಂದೇ ಎಂದು ಇಡೀ ತರಗತಿ ನಂಬಿತ್ತು. ಆದ್ದರಿಂದ ಆಟ ಹೂಡಿದೆ. ಚೀಲ ಹೊಲಿಯುವ ಸುತಳಿಯಿಂದ ನಲವತ್ತು ಅಡಿಯ ಎರಡು ಕುಣಿಕೆ ಮಾಡಿದೆ. ಶಾಲೆಯ ದೊಡ್ಡ ಹಾಲಿನ ನೆಲಕ್ಕೆಲ್ಲ ಶಹಾಬಾದ್ ಕಲ್ಲಿನ ಚಪ್ಪಡಿ, ಅಂದರೆ ಫರಸಿ, ಹಾಸಿತ್ತು. ಸುತಳಿಯನ್ನು ಫರಸಿಗಳ ಸಂದಿಯ ಮೇಲೆಯೇ ಇಟ್ಟು, ಪೂರ್ತಿ ಬಳಸಿ, ಆಯತ ಮಾಡಬೇಕು. ಅದರ ಗುಂಟ ಸೀಮೆಸುಣ್ಣದ ಗೆರೆ ಎಳೆದು ಒಳಗಿನ ಫರಸಿ ಎಣಿಸಬೇಕು. ಹೆಚ್ಚು ಫರಸಿ ಹಿಡಿದವರು ಗೆದ್ದರು, ಸೋತವರು ಹಾಲು ಗುಡಿಸಿ ಒರೆಸಬೇಕು. ಬಾಗಿಲ ಕಡೆಯ ಅರ್ಧ ಒಂದು ತಂಡಕ್ಕೆ, ಕಿಟಕಿಯ ಕಡೆಯ ಅರ್ಧ ಇನ್ನೊಂದಕ್ಕೆ. ಆಟಕ್ಕೆ ಮೊದಲು ಬಾಗಿಲ ಹತ್ತಿರದ ಫರಸಿಗೆ ಟೇಪು ಹಿಡಿದು ‘ಒಂದು ಫರಸಿ = ಎರಡಡಿ ಉದ್ದ, ಎರಡಡಿ ಅಗಲ (ಸ್ವತಃ ಅಳೆದದ್ದು)’ ಎಂದು ಬರೆದೆ. ಆ ಆವರಣದೊಳಗಿನ ಎರಡು ಪದಗಳ ಬಗ್ಗೆ ನನಗೆ ವಿಶೇಷ ಹೆಮ್ಮೆಯಿತ್ತು.

ಹೆಡ್ ಮಾಸ್ತರು ಈ ಆಟಕ್ಕೊಂದು ಪಣ ಕಟ್ಟಿದರು. ಶಹಾಪುರದಲ್ಲಿ ಗಣಿತ ಸ್ಪರ್ಧೆ ಇತ್ತು, ನಮ್ಮ ಶಾಲೆಯಿಂದ ಇಬ್ಬರಿಗೆ ಮಾತ್ರ ಅವಕಾಶ. “ನೀವು ಹ್ಯಾಂಗೂ ಎಲ್ಲಾ ಬರದಿಡ್ತೀರಿ. ವಾರ ಪೂರ್ತಿ ಆಡ್ಸಿ, ಶನಿವಾರ ಎರಡು ಹೆಸರು ಕೊಡ್ರಿ,” ಎಂದರು.

ಬಾಗಿಲ ತಂಡದ ಮುಂದಾಳು ಒಬ್ಬ ಸಣಕಲು ಹುಡುಗಿ. ಅವಳ ತಾಯಿ ಕಾಲುವೆ ನೀರಿನ ಗದ್ದೆಗಳಲ್ಲಿ ನಾಟಿಗೆ ಹೋಗುತ್ತಿದ್ದಳು. ಸುತ್ತಳತೆ ಎಂದರೇನು ಎಂದು ಕೇಳಿದಾಗ ಅವಳೊಬ್ಬಳೇ ಸೂತ್ರ ಬಿಟ್ಟು ಹೇಳಿದ್ದಳು: “ಬದು ಕಡಿಯೋದು ಸುತ್ತಳತಿ ಲೆಕ್ಕರಿ, ನಾಟಿ ಹಚ್ಚೋದು ವಿಸ್ತೀರ್ಣದ ಲೆಕ್ಕರಿ.” ಸ್ಪರ್ಧೆಯ ವಿಷಯ ತಿಳಿದಂದಿನಿಂದ ಅವಳು ದಿನಾ ನನ್ನನ್ನು ಕೇಳುತ್ತಿದ್ದಳು, “ನಂದು ಹೆಸರು ಬರದೀರೇನ್ರಿ ಟೀಚರ್?” ಅವಳು ಶಹಾಪುರಕ್ಕೆ ಹೋಗಿದ್ದು ಎರಡೇ ಸಲವಂತೆ, ಎರಡೂ ದವಾಖಾನೆಗೆ.

ಸೋಮವಾರ ಬಾಗಿಲ ತಂಡಕ್ಕೆ ಒಂಬತ್ತು ಫರಸಿ, ಕಿಟಕಿ ತಂಡಕ್ಕೆ ಹನ್ನೆರಡು. ಮಂಗಳವಾರ ಹದಿನಾರು, ಇಪ್ಪತ್ತೆಂಟು. ಬುಧವಾರ ಇಪ್ಪತ್ತೊಂದು, ಇಪ್ಪತ್ತೆಂಟು. ಗುರುವಾರ ಇಪ್ಪತ್ನಾಲ್ಕು, ಮೂವತ್ತೆರಡು. ಒಂದೇ ಸುತಳಿಯಲ್ಲಿ ಜಾಗ ಹಿಗ್ಗುವುದನ್ನು ಮಕ್ಕಳು ಕಣ್ಣಾರೆ ಕಂಡರು, ನಾನು ಬೀಗಿದೆ. ಶುಕ್ರವಾರ ಹುಡುಗಿ ಸುತಳಿಯನ್ನು ಅತ್ತ ಐದು, ಇತ್ತ ಐದು ಫರಸಿಗೆ ಎಳೆದು ಚೌಕ ಮಾಡಿ ಇಪ್ಪತ್ತೈದು ಹಿಡಿದಳು. ಆದರೂ ಕಿಟಕಿ ತಂಡದವು ಮೂವತ್ತೆರಡು.

“ಐದು ದಿನ ಆತು, ಇನ್ನ ಕಸಬರಗಿ ಮನಿಗೇ ಒಯ್ರಿ,” ಎಂದ ಕಿಟಕಿ ತಂಡದ ಹುಡುಗನೊಬ್ಬ.

“ನೀ ಎಣಿಸೋದು ಬಿಟ್ರ ಬ್ಯಾರೆ ಏನ್ ಕಲ್ತಿ?” ಎಂದು ಹುಡುಗಿ ತಿರುಗಿಸಿ ಕೊಟ್ಟಳು.

ನಾನು ಅಂದು ಡೈರಿಯಲ್ಲಿ ಐದು–ಸೊನ್ನೆ ಎಂದು ಬರೆದು, ಕಾರಣಗಳನ್ನೂ ಕ್ರಮಸಂಖ್ಯೆ ಹಾಕಿ ಬರೆದೆ. ಒಂದು, ಕಿಟಕಿಯ ಬೆಳಕು ಬುದ್ಧಿಗೆ ಒಳ್ಳೆಯದು. ಎರಡು, ಬಾಗಿಲ ಕಡೆಯವರು ಹೊರಗೆ ನೋಡುತ್ತಾರೆ. ಮೂರು, ಅವರು ಬೆಳಿಗ್ಗೆ ಏನೂ ತಿಂದು ಬರುವುದಿಲ್ಲ. ಕಿಟಕಿ ತಂಡದವರು ವಾರವೆಲ್ಲ “ಸುತಳಿ ಉಳೀತಾದ್ರಿ, ಸಂದಿಗೆ ಸೇರವಲ್ತು” ಎಂದು ಗೋಳಾಡಿದ್ದರು. ನಾನು ಅದಕ್ಕೆ “ಪ್ರಯತ್ನ ಸಾಲದು” ಎಂದಿದ್ದೆ. ಎರಡು ಹೆಸರನ್ನೂ ಕಿಟಕಿ ತಂಡದಿಂದಲೇ ಆರಿಸಿ ಹಾಳೆಯ ಮೇಲೆ ಬರೆದೆ.

ಶನಿವಾರ ಬೆಳಿಗ್ಗೆ ಹುಡುಗಿ ಆ ಹಾಳೆ ನೋಡಿದಳು. ಅಳಲಿಲ್ಲ. ನನ್ನ ಕೈ ಹಿಡಿದು ಹಾಲಿಗೆ ಕರೆದುಕೊಂಡು ಹೋದಳು.

“ಟೀಚರ್, ಐದು ದಿನ ಇಡೀ ನೆಲ ಒರಸೀನ್ರಿ. ನೋಡ್ರಿಲ್ಲಿ.” ಬಾಗಿಲ ಹತ್ತಿರದ ಫರಸಿಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸುತ್ತ ಪಾದ ಇಟ್ಟಳು. ಮೂರು ಪಾದ. ತಿರುಗಿ ಅಡ್ಡ ಇಟ್ಟಳು, ಮೂರು ಪಾದ. ಕಿಟಕಿಯ ಕಡೆ ಹೋದಳು. ಉದ್ದಕ್ಕೆ ಮೂರು. ಅಡ್ಡಕ್ಕೆ ಎರಡೂವರೆಯೂ ಹಿಡಿಯಲಿಲ್ಲ.

“ಇವರ ಫರಸಿ ಸಣ್ಣವು ಅದಾವ್ರಿ.”

ಟೇಪು ತಂದೆ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ. ಕಾಲುವೆ ಬಂದ ಮೇಲೆ ಊರಲ್ಲಿ ಮಕ್ಕಳು ಹೆಚ್ಚಿ ಹಾಲನ್ನು ಉದ್ದ ಮಾಡಿದ್ದರು. ಆಗ ಸಿಕ್ಕ ಅಳತೆಯ ಕಲ್ಲು ಹಾಕಿದ್ದರು. ಹಾಲು ಉದ್ದವಾದದ್ದು ಊರಿಗೆಲ್ಲ ಗೊತ್ತು. ‘ಸ್ವತಃ ಅಳೆದ’ ನನಗೆ ಮಾತ್ರ ಗೊತ್ತಿರಲಿಲ್ಲ.

ಅಲ್ಲೇ ಕುಕ್ಕರಗಾಲಲ್ಲಿ ಕೂತು ಲೆಕ್ಕ ಮಾಡಿದೆ. ಬಾಗಿಲ ಕಡೆಯ ಒಂದು ಫರಸಿಗೆ ನಾಲ್ಕು ಚದರಡಿ, ಕಿಟಕಿ ಕಡೆಯದಕ್ಕೆ ಮೂರು. ಸೋಮವಾರದ ಒಂಬತ್ತೂ ಹನ್ನೆರಡೂ ಸಮ, ಎರಡೂ ಮೂವತ್ತಾರು ಚದರಡಿ. ಬುಧವಾರ ಸಮ. ಗುರುವಾರವೂ ಸಮ, ಎರಡು ತಂಡವೂ ಹನ್ನೆರಡಡಿಗೆ ಎಂಟಡಿಯ ಅದೇ ಆಯತವನ್ನೇ ಮಾಡಿದ್ದರು. ಮಂಗಳವಾರದ್ದು ಒಂದೇ ಕಿಟಕಿ ತಂಡದ ನಿಜವಾದ ಗೆಲುವು. ಶುಕ್ರವಾರ ಬಾಗಿಲ ತಂಡಕ್ಕೆ ನೂರು ಚದರಡಿ, ಕಿಟಕಿ ತಂಡಕ್ಕೆ ತೊಂಬತ್ತಾರು. ನನ್ನ ಐದು–ಸೊನ್ನೆ ನಿಜದಲ್ಲಿ ಒಂದು–ಒಂದು.

ಹೆಡ್ ಮಾಸ್ತರಿಗೆ ಹೇಳಿದೆ. ಅವರು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. “ಕಡೀ ಆಟ ನನ್ನ ಮುಂದ ಆಗ್ಲಿ. ಜಾಗ ಅದಲ್ ಬದಲ್ ಮಾಡ್ರಿ. ಫರಸಿ ಎಣಿಸಬ್ಯಾಡ್ರಿ, ಚದರಡಿ ಹೇಳ್ರಿ.”

ಈಗ ಕಿಟಕಿ ತಂಡದವರು ಬಾಗಿಲ ಕಡೆ ಬಂದು, ಶುಕ್ರವಾರ ನೋಡಿದ್ದ ಚೌಕವನ್ನೇ ಹಾಸಿ ನೂರು ಚದರಡಿ ಎಂದರು. ಹುಡುಗಿಯ ಪಾಲಿಗೆ ಆ ಸಣ್ಣ ಫರಸಿ. ಸಂದಿಯ ಮೇಲೆ ಇಟ್ಟರೆ ತೊಂಬತ್ತಾರು ದಾಟುವುದಿಲ್ಲ ಎಂದು ನನಗೆ ಆಗ ತಾನೇ ಗೊತ್ತಾಗಿತ್ತು.

ಅವಳು ಸುತಳಿಯನ್ನು ಒಂದು ಸಂದಿಯಿಂದ ಇನ್ನೊಂದಕ್ಕೆ ಸರಿಸಿ ನೋಡಿದಳು. “ಟೀಚರ್, ದಾರ ಸಂದಿ ಮ್ಯಾಲೇ ಇರಬೇಕಂತ ಯಾಕ್ರಿ?”

“ಎಣಿಸಲು ಸುಲಭ ಅಂತ,” ಎಂದೆ.

“ಈಗ ಎಣಿಸಂಗಿಲ್ಲಲ್ರಿ, ಅಳೆಯೋದು ಅಲ್ಲೇನ್ರಿ?”

ಹೆಡ್ ಮಾಸ್ತರು ಆಗಲಿ ಎಂದು ತಲೆ ಆಡಿಸಿದರು. ಅವಳು ಒಂದು ಕಡೆ ಐದು ಫರಸಿ ಉದ್ದ ಹಿಡಿದಳು, ಹತ್ತಡಿ. ಅಡ್ಡಕ್ಕೆ ಆರು ಫರಸಿ ದಾಟಿದಾಗ ಒಂಬತ್ತಡಿ. ಏಳನೆಯ ಸಾಲಿನಲ್ಲಿ ಟೇಪಿಟ್ಟು ಒಂದಡಿ ಅಳೆದು, ಕಲ್ಲುಗಳ ಮೈಮೇಲೆಯೇ ಸೀಮೆಸುಣ್ಣದ ಗೆರೆ ಎಳೆದಳು. ಸುತಳಿ ಆ ಗೆರೆಗೆ ಸರಿಯಾಗಿ ಕೂತಿತು.

“ಹತ್ತು ಹತ್ಲೆ ನೂರ್ರಿ.”

“ಆ ಅರ್ಧಂಬರ್ಧ ಫರಸಿ ಎಷ್ಟಂತ ಹಿಡದಿ?” ಎಂದರು ಹೆಡ್ ಮಾಸ್ತರು.

“ಮೂರು ಪಾಲಿನಾಗ ಎರಡು ಪಾಲ್ರಿ. ಐದು ಸೇರಿಸಿದ್ರ ಹತ್ತು ಚದರಡಿ.”

ಅವರು ನನ್ನ ಹಾಳೆ ಕೇಳಿ ಪಡೆದು, ಎರಡನೆಯ ಹೆಸರಿಗೆ ಗೀಟು ಹಾಕಿ, “ಹೇಳವಾ ನಿನ್ನ ಪೂರ್ತಿ ಹೆಸರು,” ಎಂದರು. ಅವಳು ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಸೇರಿಸಿ ಹೇಳಿದಳು. ಅವರು ಬರೆಯುವುದನ್ನು ಕೊನೆಯ ಅಕ್ಷರದವರೆಗೆ ಬಗ್ಗಿ ನೋಡಿದಳು.

ಗೀಟು ಬಿದ್ದ ಹೆಸರು ಕಸಬರಿಗೆಯ ಮಾತಾಡಿದ್ದ ಹುಡುಗನದು. ಅವನ ತಪ್ಪೇನೂ ಇರಲಿಲ್ಲ, ನಾನು ಎಣಿಸು ಎಂದಿದ್ದೆ, ಅವನು ಎಣಿಸಿದ್ದ. ಹಾಗೆಂದು ಅವನಿಗೆ ಹೇಳಿ ಕ್ಷಮೆ ಕೇಳಿದೆ. ಅವನು ನಾಲ್ಕು ದಿನ ನನ್ನೊಂದಿಗೆ ಮಾತಾಡಲಿಲ್ಲ. ಡೈರಿಯಲ್ಲಿ ಬರೆದಿಟ್ಟ ಆ ನಾಲ್ಕು ದಿನದ ಲೆಕ್ಕದಲ್ಲಿ ಮಾತ್ರ ತಪ್ಪಿಲ್ಲ.