ಪರದೆಯ ತುದಿಗೆ ಏರಿದ ಅಕ್ಕಿಕಾಳು

ನಮ್ಮ ಯಜಮಾನರಿಗೆ ಅಲಂಕಾರದ ಹುಚ್ಚು. ಸಿಂದಗಿಯ ಬಸ್ ನಿಲ್ದಾಣದ ಹತ್ತಿರ ನಮ್ಮದೊಂದು ಸ್ಟುಡಿಯೋ ಇತ್ತು. ಮದುವೆಗಳಿಗೆ ಹೋಗಿ ವಿಡಿಯೋ ತೆಗೆಯುವುದು ಅವರ ಕೆಲಸ, ಕಂಪ್ಯೂಟರಿನ ಮುಂದೆ ಕೂತು ಅದನ್ನು ಕತ್ತರಿಸಿ ಜೋಡಿಸುವುದು ನನ್ನದು. ಕ್ಯಾಸೆಟ್ಟಿನ ಕಾಲ ಮುಗಿದು ಡಿವಿಡಿ ಬಂದಾಗ ನನಗೆ ಕೆಲಸ ಹೆಚ್ಚಾಯಿತು, ಅವರಿಗೆ ಹಬ್ಬವಾಯಿತು. ಡಿವಿಡಿ ಹಾಕಿದರೆ ಟಿವಿಯಲ್ಲಿ ಮೊದಲು ಒಂದು ಮುಖಪುಟ ಬರುತ್ತದಲ್ಲ, ಅರಿಷಿಣ, ಸುರಗಿ, ಅಕ್ಕಿಕಾಳು, ಆಯೇರಿ, ಊಟ ಎಂದು ಬರೆದು, ರಿಮೋಟಿನಿಂದ ಬೇಕಾದ್ದನ್ನು ಆರಿಸಿಕೊಳ್ಳುವಂಥದ್ದು? ಅದನ್ನು ಅವರು ಲಗ್ನಪತ್ರಿಕೆ ಎಂದೇ ತಿಳಿದಿದ್ದರು.

ಒಂದು ಮದುವೆಯ ಡಿವಿಡಿಗೆ ನಡುವೆ ವಧೂವರರ ಫೋಟೋ, ಸುತ್ತ ಹೂಮಾಲೆಯಂತೆ ಶಾಸ್ತ್ರಗಳ ಹೆಸರು, ಕೂದಲೆಳೆಯಂಥ ಅಕ್ಷರ ಹಾಕಿಸಿದರು. ತಾಳಿ ಕಟ್ಟುವ ಹೊತ್ತಿಗೆ ಅಕ್ಷತೆ ಹಾಕುವ ಅಕ್ಕಿಕಾಳೇ ಎಲ್ಲಕ್ಕಿಂತ ಹಿರಿಯ ಶಾಸ್ತ್ರವೆಂದು ಅದನ್ನು ಪರದೆಯ ತುತ್ತತುದಿಗೆ ಏರಿಸಿದರು. ಮರ್ಯಾದೆಯ ಜಾಗವಂತೆ. ಕಂಪ್ಯೂಟರಿನಲ್ಲಿ ಮೌಸ್ ಒತ್ತಿ ನೋಡಿದೆವು, ಚೆನ್ನಾಗಿಯೇ ಇತ್ತು.

ಕೆಲವು ದಿನಗಳಲ್ಲಿ ಆ ಮದುಮಗಳ ತಾಯಿ ಇಂಡಿ ಕಡೆಯಿಂದ ಡಿವಿಡಿ ಹಿಡಿದುಕೊಂಡು ಬಂದರು. ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದರು.

"ತಂಗಿ, ಇದರಾಗ ಅಕ್ಕಿಕಾಳೇ ಇಲ್ಲ" ಎಂದರು. "ಅಕ್ಕಿಕಾಳು ಬೀಳೋ ಹೊತ್ತಿಗೆ ಬೀಗರಿಗೆ ಚಾ ಇಲ್ಲಂತ ನನ್ನ ಅಡಗಿಮನಿಗೆ ಅಟ್ಟಿದ್ರು. ಮಗಳ ಲಗ್ನ ನಾ ಕಣ್ಣಾರೆ ನೋಡಿಲ್ಲ. ಇದರಾಗರ ನೋಡೋಣಂದ್ರ ನಮ್ಮನಿಯವ್ರು ರಿಮೋಟ್ ಕೈಯಾಗ ಹಿಡದು ಆಯೇರಿನ ಹಾಕ್ತಾರ. ಬೀಗರ ಕಡಿಂದ ಉಡುಗೊರಿ ತಗೊಂಡು ರುಮಾಲು ಸುತ್ತಿಸಿಕೊಂಡಿದ್ದು ನೋಡಿದಷ್ಟೂ ಸಾಲವಲ್ದು ಅವರಿಗೆ."

ಅಂಗಡಿಯ ಹಳೆಯ ಟಿವಿಗೆ ಡಿವಿಡಿ ಹಾಕಿ ರಿಮೋಟನ್ನು ಅವರ ಕೈಗೇ ಕೊಟ್ಟೆ. ಆ ಕಾಲದ, ಬೆನ್ನು ಉಬ್ಬಿದ ಡುಬ್ಬ ಟಿವಿಗಳು ಚಿತ್ರದ ನಾಲ್ಕೂ ಅಂಚನ್ನು ಚೌಕಟ್ಟಿನೊಳಗೆ ನುಂಗುತ್ತಿದ್ದವು. ಮರ್ಯಾದೆಯ ಜಾಗದಲ್ಲಿದ್ದ ಅಕ್ಕಿಕಾಳು ಪೂರ್ತಿ ಮಾಯ. ಉಳಿದ ಸಣ್ಣ ಅಕ್ಷರಗಳು ನಡುಗುತ್ತಿದ್ದವು. ಆಕೆ ಮೇಲಿನ ಬಾಣ ಒತ್ತಿದರು. ಆರಿಸಿದ ಹೆಸರನ್ನು ಬೆಳಗಿಸುವ ಹಳದಿ ಬಣ್ಣ, ಅಂಚಿನಾಚೆ ಮರೆಯಾಗಿದ್ದ ಅಕ್ಕಿಕಾಳಿನ ಮೇಲೆ ಹೋಗಿ ಕೂತಿತು; ಪರದೆಯಲ್ಲಿ ಎಲ್ಲಿಯೂ ಹಳದಿ ಇಲ್ಲ. ಆಕೆ ರಿಮೋಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಕೈ ಸೆರಗಿಗೆ ಒರೆಸಿಕೊಂಡರು.

"ನಾ ಏನರ ಕೆಡಿಸಿದ್ನೇನು?"

"ನೀವಲ್ರಿ ಅಕ್ಕಾ, ಕೆಡಿಸಿದವ್ರು ಅಲ್ಲಿ ನಿಂತಾರ" ಎಂದೆ. ಯಜಮಾನರು ಕ್ಯಾಮೆರಾ ಒರೆಸುವುದರಲ್ಲಿ ಬಹಳ ಮಗ್ನರಾಗಿದ್ದರು.

ಮರುದಿನ ಬರಲು ಹೇಳಿ ಕಳಿಸಿ, ಹೆಸರುಗಳ ಆ ಮಾಲೆ ಬಿಚ್ಚಿದೆ. ಸುತ್ತಲೂ ಅಂಚಿನಲ್ಲಿ ಹತ್ತರಲ್ಲೊಂದು ಭಾಗ ಖಾಲಿ ಬಿಟ್ಟೆ. ಐದು ಹೆಸರನ್ನು ಒಂದರ ಕೆಳಗೊಂದು, ಶಾಸ್ತ್ರ ನಡೆದ ಕ್ರಮದಲ್ಲೇ, ಮೊದಲು ಅರಿಷಿಣ, ಆಮೇಲೆ ನೀರೆರೆಯುವ ಸುರಗಿ, ಅದರ ಕೆಳಗೆ ಅಕ್ಕಿಕಾಳು ಎಂದು, ಗೋಡೆಗೆ ಆತು ಕೂತವರಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಬರೆದೆ. ಮೌಸ್ ಬೇಕಾದಲ್ಲಿಗೆ ಜಿಗಿಯುತ್ತದೆ. ರಿಮೋಟಿಗೆ ಇರುವುದು ನಾಲ್ಕು ಬಾಣ, ನಡುವೆ ಒಂದು ಓಕೆ. ಯಾವ ಬಾಣ ಒತ್ತಿದರೆ ಎಲ್ಲಿಗೆ ಹೋಗಬೇಕು ಎಂದು ಪ್ರತಿ ಹೆಸರಿಗೂ ನಾವೇ ಹೇಳಿಕೊಡಬೇಕು. ಕೆಳಗಿನ ಬಾಣಕ್ಕೆ ಕೆಳಗಿನ ಹೆಸರು, ಮೇಲಿನದಕ್ಕೆ ಮೇಲಿನದು. ಊಟದ ಮೇಲೆ ನಿಂತು ಇನ್ನೂ ಕೆಳಗೆ ಒತ್ತಿದರೆ ಮತ್ತೆ ಅರಿಷಿಣ. ಎಡಕ್ಕೆ ಬಲಕ್ಕೆ ಒತ್ತಿದರೆ ಇದ್ದಲ್ಲೇ. ಕೈ ತಪ್ಪಿದರೂ ದಾರಿ ತಪ್ಪಬಾರದು.

"ಬಸ್ ಸ್ಟ್ಯಾಂಡಿನ ಬೋರ್ಡ್ ಕಂಡಂಗ ಕಾಣತೈತಿ" ಎಂದು ಯಜಮಾನರು ಮೂಗು ಮುರಿದರು.

"ಬೋರ್ಡ್ ನೋಡಿ ಮಂದಿ ಊರು ಮುಟ್ತಾರ್ರಿ. ನಿಮ್ಮ ಮಾಲಿ ನೋಡಿ ಎಲ್ಲಿ ಮುಟ್ಟಿದ್ರು?" ಎಂದೆ. ಆ ಹೊತ್ತು ಅವರು ನನ್ನನ್ನು ಚಹಾಕ್ಕೂ ಕರೆಯದೆ ಒಬ್ಬರೇ ಹೋಗಿ ಕುಡಿದು ಬಂದರು.

ಮರುದಿನ ಆಕೆ ಬಂದರು. ಈ ಸಲ ಕಂಪ್ಯೂಟರಿನಲ್ಲಿ ಅಲ್ಲ, ಟಿವಿಯಲ್ಲೇ ನಾನು ಮೊದಲು ನೋಡಿಟ್ಟಿದ್ದೆ. ಅರಿಷಿಣದ ಮೇಲೆ ಹಳದಿ ಬೆಳಗಿತು. ಆಕೆ ಕೆಳಗಿನ ಬಾಣ ಒತ್ತಿ ನನ್ನ ಮುಖ ನೋಡಿದರು. ನಾನು ಬೇಕೆಂದೇ ಬೀದಿ ನೋಡುತ್ತಾ ನಿಂತೆ. ಸುರಗಿ. ಇನ್ನೊಮ್ಮೆ ಒತ್ತಿದರು. ಅಕ್ಕಿಕಾಳು. ಓಕೆ.

ಅಕ್ಕಿ ಮಳೆಯಂತೆ ಬೀಳುತ್ತಿತ್ತು. ಮದುಮಗಳು ಕ್ಯಾಮೆರಾ ಕಡೆ ನೋಡುತ್ತಲೇ ಇರಲಿಲ್ಲ. ಬಾಸಿಂಗದ ಕೆಳಗಿಂದ ಅತ್ತ ಇತ್ತ ಕಣ್ಣಾಡಿಸುತ್ತಿದ್ದಳು.

"ಈ ಹುಡುಗಿಗೆ ಎಷ್ಟು ಹೇಳಿದ್ರೂ ನನ್ನ ಕಡಿ ನೋಡಲಿಲ್ರಿ" ಎಂದರು ಯಜಮಾನರು, ತಮ್ಮ ತಪ್ಪಲ್ಲವೆಂಬಂತೆ.

ಆಕೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನನ್ನ ಹುಡಕಾಕತ್ತಾಳ್ರಿ" ಎಂದರು.

ಅಕ್ಕಿಕಾಳು ಮುಗಿದು ಮುಖಪುಟ ಮರಳಿತು, ಹಳದಿ ಅದೇ ಹೆಸರಿನ ಮೇಲೆ ನಿಂತಿತ್ತು. ಆಕೆ ಯಾರನ್ನೂ ಕೇಳದೆ ಮತ್ತೆ ಓಕೆ ಒತ್ತಿದರು.