ಬಿಳಿ ತಟ್ಟೆಯ ಸಾಲು

ಬೆನ್ನ ಹಿಂದೆ ನಾವೆಲ್ಲ ಅವರನ್ನು ಗಡಿಯಾರದಮ್ಮ ಎನ್ನುತ್ತಿದ್ದೆವು. ಎದುರಿಗೆ ಮಾತ್ರ ಅಕ್ಕ. ಕೊರಳಲ್ಲಿ ಸದಾ ಒಂದು ಸ್ಟಾಪ್‌ವಾಚ್ ತೂಗುತ್ತಿತ್ತು. ಚಹಾ ಆರುವುದಕ್ಕೆ ಎಷ್ಟು ಹೊತ್ತು ಬೇಕೆಂದೂ ಬರೆದಿಟ್ಟುಕೊಳ್ಳುವ ಜಾತಿ. ಅಡುಗೆ ವಿಡಿಯೋಗಳಿಗೆ ಸ್ಕ್ರಿಪ್ಟ್ ಬರೆಯುವುದು ಅವರ ಕೆಲಸ, ಅದನ್ನು ಕ್ಯಾಮೆರಾದಲ್ಲಿ ಹಿಡಿಯುವುದು ನನ್ನದು. ನಾಲ್ಕು ವರ್ಷ ಅವರ ಕೈಕೆಳಗೆ ಬೈಸಿಕೊಂಡೇ ಕೆಲಸ ಕಲಿತವನು ನಾನು.

ಅದಕ್ಕೂ ಮೊದಲು ಅಕ್ಕ ಹನ್ನೊಂದು ವರ್ಷ ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿದ್ದರು. ಅಲ್ಲಿ ಪರೀಕ್ಷೆಯ ಕಾಗದದ ಪಟ್ಟಿಯನ್ನು ರೋಗಿಯ ಮೂತ್ರದಲ್ಲಿ ಅದ್ದಿ, ಸರಿಯಾಗಿ ಅರವತ್ತು ಸೆಕೆಂಡಿಗೆ ಅದರ ಬಣ್ಣ ನೋಡಬೇಕಂತೆ. ಅರವತ್ತೈದಕ್ಕೆ ನೋಡಿದರೆ ಅದು ಬೇರೆಯೇ ರೋಗಿಯ ಕತೆ. ಆ ಅಭ್ಯಾಸವನ್ನು ಅವರು ಹಾಗೆಯೇ ನಮ್ಮ ಅಡುಗೆಮನೆಗೆ ತಂದುಬಿಟ್ಟಿದ್ದರು.

ಅವರ ಹಾಳೆಯಲ್ಲಿ ಐದು ಕಾಲಂಗಳಿರುತ್ತಿದ್ದವು. ಕೈ ಏನು ಮಾಡುತ್ತದೆ, ಒಲೆಯ ಮೇಲೆ ಎಷ್ಟು ಹೊತ್ತು, ಪರದೆಯ ಮೇಲೆ ಎಷ್ಟು ಹೊತ್ತು, ಕ್ಯಾಮೆರಾ ಎಲ್ಲಿ, ಪರದೆಯ ಮೇಲೆ ಮೂಡುವ ಅಕ್ಷರ ಏನು. ಒಲೆಯ ಮೇಲೆ ಎಂಟು ನಿಮಿಷ ಕುದಿಯುವುದು ಪರದೆಯ ಮೇಲೆ ಇಪ್ಪತ್ತೇ ಸೆಕೆಂಡು. ಆ ಎರಡನ್ನು ಬೆರೆಸಿದರೆ ನೋಡುವವರು ಹಸಿಯದ್ದೇ ತಿನ್ನಬೇಕಾಗುತ್ತದೆ. ಸಾಮಗ್ರಿಯ ಹೆಸರು, ಅಳತೆ ಪರದೆಯ ಎಡಗಡೆ ಬರುತ್ತಿತ್ತು. ಅದು ಬರುವ ಹೊತ್ತಿಗೆ ಆ ಸಾಮಗ್ರಿ ಕೈಯಲ್ಲಿರಬೇಕು, ನಾಲ್ಕು ಸೆಕೆಂಡಾದರೂ ನಿಲ್ಲಬೇಕು, ಕೈಯನ್ನು ಮುಚ್ಚಬಾರದು. ಒಮ್ಮೆ ನಾನು ಚೌಕಟ್ಟಿನ ಎಡಭಾಗ ಖಾಲಿ ಬಿಡದೆ ಹಿಡಿದಿದ್ದಕ್ಕೆ, "ಅಕ್ಷರ ಎಲ್ಲಿ ಹಾಕ್ಲಿ, ನಿನ್ನ ಹಣೆ ಮೇಲಾ?" ಎಂದಿದ್ದರು.

ಅವರ ಹಾಳೆಯನ್ನು ಒಲೆಯ ಮುಂದೆ ಮಾಡಿ ತೋರಿಸುತ್ತಿದ್ದವರು ಅವರ ಮಾವ, ಗಂಡನ ತಂದೆ. ನಲವತ್ತು ವರ್ಷ ದೊಡ್ಡ ಹೋಟೆಲಿನ ಅಡುಗೆಮನೆ ಆಳಿದವರು. ಸೊಸೆ ಕರೆದಂತೆ ನಾವೂ ಮಾವ ಎಂದೇ ಕರೆಯುತ್ತಿದ್ದೆವು. ಕ್ಯಾಮೆರಾದ ಮುಂದೆ ನಿಂತರೆ ಮನೆಯ ಹಿರಿಯರು ಪಕ್ಕದಲ್ಲಿ ಕೂತು ಹೇಳಿಕೊಟ್ಟಂತೆ ಇರುತ್ತಿತ್ತು.

ಈಗ ಗುಟ್ಟು ಹೇಳುತ್ತೇನೆ. ಮಾವನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಜ್ವರವೊಂದು ಬಂದು ಹೋದ ಮೇಲೆ ಮೂಗು ಪೂರ್ತಿ ಸತ್ತುಹೋಗಿತ್ತು. ಹೋಟೆಲಿನವರಿಗೆ ಹೇಳದೆ, ಕಾಲುನೋವು ಎಂದು ನೆಪ ಹೇಳಿ ಅಲ್ಲಿಂದ ಬಿಟ್ಟು ಬಂದಿದ್ದರು. ಅದು ಗೊತ್ತಿದ್ದದ್ದು ಸೊಸೆಗೆ ಮಾತ್ರ. ಆಮೇಲೆ ನನಗೆ, ಅವರ ಹಿಂದೆಯೇ ಹಾಲು ತಳ ಹತ್ತಿ ಸೀದ ವಾಸನೆ ಹರಡಿದರೂ ಅವರು ಹಾಯಾಗಿ ಈರುಳ್ಳಿ ಹೆಚ್ಚುತ್ತಿದ್ದುದನ್ನು ಕಂಡ ದಿನ. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಸ್ಟುಡಿಯೋದ ಯಜಮಾನರಿಗೆ ತಿಳಿದರೆ ಮರುದಿನವೇ ಬೇರೆಯವರು ಬಂದು ನಿಲ್ಲುತ್ತಾರೆ. ಮಾವನಿಗೆ ಇನ್ನು ಯಾವ ಒಲೆಯೂ ಉಳಿಯುವುದಿಲ್ಲ.

ಆ ಹಾಳೆಗಳು ಯಾಕೆ ಅಷ್ಟು ದಪ್ಪವಾಗಿರುತ್ತಿದ್ದವೆಂದು ನನಗೆ ಅವತ್ತು ಅರ್ಥವಾಯಿತು. "ಘಮ ಬರುವವರೆಗೆ ಹುರಿಯಿರಿ" ಎಂಬ ಸಾಲು ಅವುಗಳಲ್ಲಿ ಎಲ್ಲೂ ಇರಲಿಲ್ಲ. ಗುಳ್ಳೆ ಎಷ್ಟು ದೊಡ್ಡದು, ಸದ್ದು ಹೇಗೆ ಬದಲಾಗುತ್ತದೆ, ಅಂಚು ಯಾವ ಬಣ್ಣಕ್ಕೆ ತಿರುಗುತ್ತದೆ, ಇಷ್ಟೇ ಇರುತ್ತಿತ್ತು. ನನ್ನ ಪ್ರತಿಯೊಂದು ಕ್ಲೋಸಪ್ಪೂ ಮಾವನಿಗೆ ಗುರುತು ಹೇಳುವ ಜಾಗವೇ ಆಗಿತ್ತು.

ಹೀಗಿರುವಾಗ ಪಾತ್ರೆ ಮತ್ತು ಒಲೆ ಮಾಡುವ ಕಂಪನಿಯೊಂದು ಬಂತು. ಮೊದಲು ಒಂದು ವಿಡಿಯೋ, ಹಿಡಿಸಿದರೆ ಮಾವನನ್ನೇ ಇಟ್ಟುಕೊಂಡು ನಲವತ್ತು. ಷರತ್ತು ಒಂದೇ: ಎಲ್ಲೂ ಕತ್ತರಿಸದೆ ಒಂದೇ ಏಟಿಗೆ ಚಿತ್ರೀಕರಿಸಬೇಕು. ಏನೂ ಮುಚ್ಚಿಟ್ಟಿಲ್ಲ ಎಂದು ಜನ ನಂಬಬೇಕಂತೆ. ಮಾಡಬೇಕಾದ್ದು ಕ್ಯಾರಮೆಲ್ ಸಾಸ್. ಸಕ್ಕರೆ ಇನ್ನೂರು ಗ್ರಾಂ, ನೀರು ಅರವತ್ತು ಮಿಲಿ, ಕೆನೆ ನೂರಿಪ್ಪತ್ತು ಮಿಲಿ, ಬೆಣ್ಣೆ, ಚಿಟಿಕೆ ಉಪ್ಪು. ಕೇಳಲು ಮಕ್ಕಳಾಟ. ಆದರೆ ಸಕ್ಕರೆ ಜೇನಿನ ಬಣ್ಣಕ್ಕೆ ತಿರುಗಿದ ಮೇಲೆ ಕಹಿಯಾಗಲು ಅರ್ಧ ನಿಮಿಷವೂ ಬೇಕಾಗಿಲ್ಲ. ಮೂಗಿದ್ದವರೂ ಸೋಲುವ ಅಡುಗೆ.

ಕಂಪನಿಯಿಂದ ಬಂದ ಮೇಡಂ ಮೇಜಿನ ಮೇಲೆ ಪೆಟ್ಟಿಗೆ ಬಿಚ್ಚಿದಾಗ ಅಕ್ಕನ ಮುಖ ನೋಡಬೇಕಿತ್ತು. ಇಂಡಕ್ಷನ್ ಒಲೆ. ದಪ್ಪ ತಳದ, ಒಳಗೂ ಹೊರಗೂ ಕಪ್ಪು ಬಣ್ಣದ ಪಾತ್ರೆ. ಅಕ್ಕ ವಾರವಿಡೀ ಗ್ಯಾಸ್ ಒಲೆಯ ಮೇಲೆ, ಸ್ಟೀಲ್ ಪಾತ್ರೆಯಲ್ಲಿ ಗಳಿಗೆ ಲೆಕ್ಕ ಹಾಕಿದ್ದೆಲ್ಲ ನೀರಿನಲ್ಲಿ ಹೋಮ.

"ಕಪ್ಪು ಪಾತ್ರೇಲಿ ಬಣ್ಣ ಕಾಣಲ್ಲ ಮೇಡಂ" ಎಂದರು ಅಕ್ಕ.

"ನಾವು ಮಾರೋದು ಅದನ್ನೇ" ಎಂದರು ಮೇಡಂ.

ಒಂದು ಸಲ ಮಾಡಿ ನೋಡಲು ಅವಕಾಶ ಸಿಕ್ಕಿತು. ಅಕ್ಕ ಮಾವನ ಪಕ್ಕದಲ್ಲೇ ನಿಂತು, ಚಮಚದ ತುದಿಯಿಂದ ಪಾಕವನ್ನು ತೊಟ್ಟು ತೊಟ್ಟಾಗಿ ಬಿಳಿ ತಟ್ಟೆಯೊಂದರ ಮೇಲೆ ಬಿಟ್ಟು ಬಣ್ಣ ನೋಡಿದರು. ಆರು ನಿಮಿಷ ಹತ್ತು ಸೆಕೆಂಡಿಗೆ ಸರಿಯಾದ ಜೇನು ಬಣ್ಣ ಬಂತು. ಕೂತು ಹೊಸ ಹಾಳೆ ಬರೆದರು. ಕುದಿ ಬಂದ ಮೇಲೆ ಕಲಕಬಾರದು, ಒದ್ದೆ ಬ್ರಷ್‌ನಿಂದ ಅಂಚು ಒರೆಸಬೇಕು, ಅದಕ್ಕೊಂದು ಕ್ಲೋಸಪ್. ಆಮೇಲೆ ಬಿಳಿ ತಟ್ಟೆಯ ಮೇಲೆ ತೊಟ್ಟು, ಅದಕ್ಕೊಂದು ಕ್ಲೋಸಪ್. ಒಲೆಯಿಂದ ಇಳಿಸುವುದು ಏಳನೆಯ ಗುರುತು. ಕೆನೆಯ ಅಕ್ಷರದಲ್ಲಿ "ಬಿಸಿ ಕೆನೆ" ಎಂದೇ ಇರಬೇಕೆಂದು ಅದರ ಕೆಳಗೆ ಎರಡು ಗೆರೆ ಎಳೆದರು. ತಣ್ಣನೆಯದು ಸುರಿದರೆ ಪಾಕ ಇನ್ನೂ ಜೋರಾಗಿ ಉಕ್ಕಿ ಕೈ ಸುಡುತ್ತದೆ.

ಮೇಡಂ ಹಾಳೆ ತೆಗೆದುಕೊಂಡು ಪೆನ್ನು ಹಿಡಿದರು. "ಈ ತಟ್ಟೆ ನಮ್ಮ ಕಂಪನಿದಲ್ಲ. ತೆಗೀರಿ."

"ಅದು ಬೇಕೇ ಬೇಕು ಮೇಡಂ."

"ಟೈಮ್ ಸಿಕ್ಕಿತಲ್ಲ, ಆರು ಹತ್ತು. ಇನ್ನು ತಟ್ಟೆ ಯಾಕೆ? ಅಷ್ಟು ಅನುಭವ ಇರೋರಿಗೆ ವಾಸನೆಯಲ್ಲೇ ತಿಳಿಯಲ್ವಾ?"

ಅಕ್ಕ ಇನ್ನೊಂದು ಮಾತು ಆಡಿದ್ದರೆ ಗುಟ್ಟು ಹೊರಗೆ ಬರುತ್ತಿತ್ತು. ಯಜಮಾನರು ಕಣ್ಣಲ್ಲೇ ಸುಮ್ಮನಿರು ಎಂದರು. ತಟ್ಟೆಯ ಸಾಲಿನ ಮೇಲೆ ಗೆರೆ ಬಿತ್ತು. ಅಕ್ಕ ತಟ್ಟೆಯನ್ನು ಕಪಾಟಿಗೆ ಇಡದೆ ಕೈಯಲ್ಲೇ ಹಿಡಿದುಕೊಂಡಿದ್ದರು.

ಸದ್ದು ದಾಖಲಾಗುವುದರಿಂದ ಯಾರೂ ಮಾತಾಡುವಂತಿರಲಿಲ್ಲ. ಅಕ್ಕ ನನ್ನ ಪಕ್ಕದಲ್ಲಿ ನಿಂತು ಅಂಕಿ ಬರೆದ ರಟ್ಟುಗಳನ್ನು ಎತ್ತಿ ತೋರಿಸಬೇಕು. ಮಾವನಿಗೆ ಎದುರಿನ ಗೋಡೆಯ ಗಡಿಯಾರವೂ ಕಾಣುತ್ತಿತ್ತು. ಶುರುವಾಯಿತು. ಸಕ್ಕರೆ, ನೀರು, ಎಡಗಡೆ ಖಾಲಿ. ಮಾವ ಮಾತಿಗೆ ಇಳಿದರು. ಗುಳ್ಳೆ ಎದ್ದಿತು, ಬ್ರಷ್ ಆಡಿತು, ಎಲ್ಲ ಹಾಳೆಯಲ್ಲಿದ್ದಂತೆಯೇ.

ನಾಲ್ಕೂಮುಕ್ಕಾಲು ನಿಮಿಷಕ್ಕೆ ಗುಳ್ಳೆಗಳು ದೊಡ್ಡವಾಗಿ, ನಿಧಾನವಾಗಿ ಒಡೆಯತೊಡಗಿದವು. ಹಾಳೆಯ ಪ್ರಕಾರ ಅದು ಐದೂವರೆಗೆ ಆಗಬೇಕಿತ್ತು. ನಾನು ಅಕ್ಕನ ಕಡೆ ನೋಡಿದೆ. ಅವರು ಸ್ಟಾಪ್‌ವಾಚ್ ನೋಡಿ, ಪಾತ್ರೆ ನೋಡಿ, ಬಿಳಿಚಿಕೊಂಡಿದ್ದರು.

ತಪ್ಪು ಎಲ್ಲಾಗಿತ್ತೆಂದು ಅವರಿಗೆ ಆಗಲೇ ಹೊಳೆದಿತ್ತಂತೆ. ಮೊದಲ ಸಲ ಪಾತ್ರೆ ತಣ್ಣಗಿತ್ತು. ಈಗ ಅದನ್ನೇ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬಿಸಿಯಾಗಿದ್ದ ಒಲೆಯ ಮೇಲೆಯೇ ಇಟ್ಟಿದ್ದೆವು. ಲ್ಯಾಬ್‌ನಲ್ಲಿ ಪ್ರತಿ ಪರೀಕ್ಷೆಗೂ ಹೊಸ ಪಟ್ಟಿ, ಹಳೆಯದರ ನೆನಪು ಯಾವುದಕ್ಕೂ ಇರುವುದಿಲ್ಲ. ದಪ್ಪ ತಳದ ಪಾತ್ರೆಗೆ ಇರುತ್ತದೆ. ಸೆಕೆಂಡು ಸೆಕೆಂಡು ಎಣಿಸುವ ಗಡಿಯಾರದಮ್ಮನ ಲೆಕ್ಕದಲ್ಲಿ ಅದೊಂದು ತಪ್ಪಿಹೋಗಿತ್ತು.

ಐದು ನಿಮಿಷ ಹತ್ತು ಸೆಕೆಂಡಿಗೆ ವಾಸನೆ ಬಂತು. ಮೊದಲು ಬೆಚ್ಚನೆಯ ಸಿಹಿ, ಹಿಂದೆಯೇ ಅದರ ಬೆನ್ನು ಹಿಡಿದ ಒಂದೆಳೆ ಘಾಟು. ಕೋಣೆಯಲ್ಲಿದ್ದ ಎಲ್ಲರ ಮೂಗಿಗೂ ಬಡಿಯಿತು. ಯಜಮಾನರು ತಲೆಯೆತ್ತಿದರು. ಮೇಡಂ ಫೋನು ಕೆಳಗಿಟ್ಟರು. ಮಾವ ಒಬ್ಬರೇ ಪಾತ್ರೆಯೊಳಗೆ ನಗುಮುಖದಿಂದ ನೋಡುತ್ತ, ತಮ್ಮ ಮೊದಲ ಹೋಟೆಲಿನ ಕತೆ ಹೇಳುತ್ತಿದ್ದರು. ಆ ಕಪ್ಪಿನಲ್ಲಿ ಅವರಿಗೆ ಏನು ಕಂಡೀತು.

ಅಕ್ಕ ಏಳರ ರಟ್ಟು ಎತ್ತಿದರು. ಮಾವ ನೋಡಲಿಲ್ಲ. ಇನ್ನೂ ಒಂದು ನಿಮಿಷವಿದೆ ಎಂದು ಗಡಿಯಾರವನ್ನು ನಂಬಿದ್ದರು, ಅಂದರೆ ಸೊಸೆಯ ಹಾಳೆಯನ್ನು ನಂಬಿದ್ದರು. ಅಕ್ಕ ರಟ್ಟನ್ನು ಜೋರಾಗಿ ಬೀಸಿದರು. ಅಂಚಿನಿಂದ ಕೂದಲೆಳೆಯಷ್ಟು ಹೊಗೆ ಎದ್ದಿತು.

ಅಕ್ಕ ರಟ್ಟು ಬಿಸಾಕಿ ನೇರವಾಗಿ ಕ್ಯಾಮೆರಾದ ಮುಂದೆ ನಡೆದುಬಿಟ್ಟರು.

"ಮಾವ, ಇಳಿಸಿ. ಈಗಲೇ."

ನಲವತ್ತು ವರ್ಷದ ಕೈ, ಯಾಕೆ ಎಂದು ಕೇಳಲಿಲ್ಲ. ಪಾತ್ರೆ ಒಲೆಯಿಂದ ಎದ್ದಿತು. ಅಕ್ಕ ಬಿಳಿ ತಟ್ಟೆ ಚಾಚಿದರು, ಮಾವ ಚಮಚದಿಂದ ಒಂದು ತೊಟ್ಟು ಬಿಟ್ಟರು. ನನಗೆ ಯಾರೂ ಹೇಳಲಿಲ್ಲ. ಗೆರೆ ಎಳೆದಿದ್ದ ಆ ಸಾಲು ಬಾಯಿಪಾಠವಾಗಿತ್ತು, ತಟ್ಟೆಯ ಮೇಲೆ ಕ್ಲೋಸಪ್, ಎಡಗಡೆ ಖಾಲಿ. ತೊಟ್ಟು ಬಿಳಿಯ ಮೇಲೆ ಹರಡಿತು. ಕಡು ಜೇನು. ಕಪ್ಪಾಗಿರಲಿಲ್ಲ.

"ಉಳೀತು ಮಾವ. ಕೆನೆ ಹಾಕಿ, ಪಾತ್ರೆ ಇನ್ನೂ ಸುಡ್ತಿದೆ."

ಮಾವ ಬಿಸಿ ಕೆನೆಯನ್ನು ಸಣ್ಣಗೆ ಸುರಿದರು. ಪಾಕ ಬುಸುಗುಟ್ಟಿ ಉಕ್ಕಿ, ತಣಿದು, ತಗ್ಗಿತು.

"ನಮಗೆಲ್ಲ ಬಂತು ವಾಸನೆ" ಎಂದರು ಮೇಡಂ, ಮಾವನನ್ನೇ ನೋಡುತ್ತ. "ಅಷ್ಟು ಹತ್ತಿರ ನಿಂತ ನಿಮಗೆ ಬರಲಿಲ್ವಾ?"

ಅಕ್ಕ ಏನೋ ಹೇಳಲು ಬಾಯಿ ತೆರೆದರು. ಮಾವ ಕೈಯೆತ್ತಿ ತಡೆದರು. ಬೆಣ್ಣೆ ಹಾಕಿ ಕಲಕುತ್ತಲೇ ಮಾತಾಡಿದರು, ಕ್ಯಾಮೆರಾ ಓಡುತ್ತಲೇ ಇತ್ತು.

"ಇಲ್ಲಮ್ಮ. ನನಗೆ ವಾಸನೆ ಹೋಗಿ ಐದು ವರ್ಷ ಆಯ್ತು. ಮುಚ್ಚಿಟ್ಟಿದ್ದು ತಪ್ಪು. ಒಲೆ ಬಿಟ್ಟು ಇರೋಕೆ ನನಗೆ ಬರಲ್ಲ, ಅದಕ್ಕೇ ಮುಚ್ಚಿಟ್ಟೆ." ಸ್ವಲ್ಪ ಹೊತ್ತು ಕಲಕಿದರು. "ಆದ್ರೆ ಒಂದು ಮಾತು. ನಿಮ್ಮ ವಿಡಿಯೋ ನೋಡೋರಿಗೆ ವಾಸನೆ ಬರುತ್ತಾ? ಕಣ್ಣು, ಕಿವಿ, ಗಡಿಯಾರ, ಅವರ ಹತ್ರ ಇರೋದು ಇಷ್ಟೇ. ನನ್ನ ಹತ್ರಾನೂ ಅಷ್ಟೇ. ಇವಳು ನನಗೋಸ್ಕರ ಬರೆದಿದ್ದು ಅವರಿಗೂ ಆಗುತ್ತೆ. ತಟ್ಟೆ ತೆಗೆದಿದ್ದಕ್ಕೆ ನಾನು ಕೆಟ್ಟೆ. ಅವರೂ ಕೆಡ್ತಾರೆ."

ಯಜಮಾನರು ನೆಲ ನೋಡುತ್ತಿದ್ದರು. ಅವರ ಸಿಟ್ಟು ನನಗೆ ಗೊತ್ತು. ಕೆಲಸ ಹೋಯಿತೆಂದೇ ಅಂದುಕೊಂಡೆ, ನನ್ನದೂ ಸೇರಿ. ಮೇಡಂ ಎದ್ದು ಬಂದು ತಟ್ಟೆಯ ಮೇಲಿನ ತೊಟ್ಟನ್ನು ಬಹಳ ಹೊತ್ತು ನೋಡಿದರು. ಬೆರಳಿಗೆ ಹಚ್ಚಿಕೊಂಡು ನೆಕ್ಕಿದರು. ಆಮೇಲೆ ಹಾಳೆ ಕೇಳಿ ತೆಗೆದುಕೊಂಡು, ತಾವೇ ಗೆರೆ ಎಳೆದಿದ್ದ ಸಾಲನ್ನು ಅದರ ಕೆಳಗೆ ಮತ್ತೆ ಬರೆದರು. ಸಾಮಗ್ರಿಗಳ ಅಕ್ಷರದ ಕಾಲಂಗೆ ಹೋಗಿ, ಉಪ್ಪಿನ ನಂತರ "ಬಿಳಿ ತಟ್ಟೆ, ಒಂದು" ಎಂದು ಸೇರಿಸಿದರು.

"ಪಾತ್ರೆ ಪೂರ್ತಿ ತಣ್ಣಗಾಗಲಿ" ಎಂದರು. "ಇನ್ನೊಂದು ಸಲ ತೆಗೆಯೋಣ. ಇವರೇ ಮಾಡಲಿ."

ಅಕ್ಕ ಸ್ಟೂಲಿನ ಮೇಲೆ ಕುಸಿದು ಕೂತರು. ಸ್ಟಾಪ್‌ವಾಚ್ ನಿಲ್ಲಿಸುವುದನ್ನೇ ಮರೆತಿದ್ದರು, ಅದು ಕೊರಳಲ್ಲಿ ಓಡುತ್ತಲೇ ಇತ್ತು. ಮಾವ ಒಂದು ಚಮಚ ಸಾಸ್ ತಂದು ಅವರ ಮುಖದ ಹತ್ತಿರ ಹಿಡಿದರು.

"ವಾಸನೆ ಹೇಗಿದೆಯಮ್ಮ?"

ಐದು ವರ್ಷದಲ್ಲಿ ಮಾವ ಒಮ್ಮೆಯೂ ಹಾಗೆ ಕೇಳಿರಲಿಲ್ಲವಂತೆ. ಗ್ರಾಂ, ಮಿಲಿ, ಸೆಕೆಂಡು ಬಿಟ್ಟು ಬೇರೆ ಮಾತು ಬರೆಯದ ಅಕ್ಕ ಕಣ್ಣು ಮುಚ್ಚಿ ಚಮಚವನ್ನು ಮೂಸಿದರು. ಹೇಳಲು ಮಾತಿಗಾಗಿ ತಡಕಾಡಿದರು. ಕೆನ್ನೆ ಒದ್ದೆಯಾಗಿತ್ತು.

"ಬಿಸಿಲಿಗೆ ಒಣಗಿಸಿದ ಹಾಸಿಗೆ ಥರ ಇದೆ ಮಾವ" ಎಂದರು. "ಆಮೇಲೆ ಸ್ವಲ್ಪ ಸುಟ್ಟ ಹಾಗೆ."

"ಎಷ್ಟು ಸುಟ್ಟ ಹಾಗೆ?" ಎಂದು ಕೇಳಿದರು ಮಾವ, ಮತ್ತು ಅಕ್ಕ ಹೇಳಿದ್ದನ್ನು ತಲೆಯಾಡಿಸುತ್ತ ಕೇಳಿಸಿಕೊಂಡರು.