ಎರಡನೇ ವಾರದ ಇಪ್ಪತ್ತಾರು ಲಕ್ಷ

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಲೆಕ್ಕದ ವಿಭಾಗದ ಹೆಂಗಸಿಗೆ ಬೆನ್ನ ಹಿಂದೆ ಎಲ್ಲರೂ ಇಟ್ಟಿದ್ದ ಹೆಸರು ಸೋಮವಾರದಮ್ಮ. ಅದು ಅವಳ ಕಿವಿಗೂ ಬಿದ್ದಿತ್ತು. ಬೇಸರವೇನೂ ಆಗಿರಲಿಲ್ಲ. ವಾರದ ಉಳಿದ ಐದು ದಿನ ತನ್ನನ್ನು ಯಾರೂ ಮೂಸಿಯೂ ನೋಡುವುದಿಲ್ಲ, ಒಂದು ದಿನವಾದರೂ ಹೆದರುತ್ತಾರಲ್ಲ ಎಂದುಕೊಂಡಿದ್ದಳು.

ಇಪ್ಪತ್ತೆರಡು ವರ್ಷದ ಹಿಂದೆ ಚಲನ್ ಟೈಪು ಮಾಡಲು ಸೇರಿದವಳು. ಲೆಕ್ಕ ಕಲಿತದ್ದು ಸಂಜೆ ತರಗತಿಯಲ್ಲಿ, ಮಗಳನ್ನು ಪಕ್ಕದ ಬೆಂಚಿನಲ್ಲಿ ಮಲಗಿಸಿಕೊಂಡು. ನಾಲ್ಕು ವರ್ಷದ ಹಿಂದೆ ಕಾರ್ಖಾನೆಯಲ್ಲಿ ಒಮ್ಮೆ ಸಂಬಳ ಹದಿನೇಳು ದಿನ ತಡವಾಯಿತು. ಕೆಲಸವಿತ್ತು, ಲಾಭವೂ ಇತ್ತು, ಬ್ಯಾಂಕಿನಲ್ಲಿ ಮಾತ್ರ ಕಾಸಿರಲಿಲ್ಲ. ಪ್ರತಿ ಬೆಳಿಗ್ಗೆ ಕತ್ತರಿಸುವ ಯಂತ್ರದ ಹಿರಿಯ ಕೆಲಸಗಾರ ಅವಳ ಕಿಟಕಿಯ ಮುಂದೆ ನಿಂತು, "ಅಮ್ಮಾ, ಇವತ್ತಾದ್ರೂ?" ಎಂದಷ್ಟೇ ಕೇಳಿ ಹೋಗುತ್ತಿದ್ದ. ಅವನು ಒಂದು ದಿನವಾದರೂ ಕೂಗಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಆಮೇಲೆ ಅವಳೇ ಕೂತು ಹದಿಮೂರು ವಾರದ ಹಾಳೆ ಶುರು ಮಾಡಿದಳು.

ಹಾಳೆಯಲ್ಲಿ ಮಾಯಮಂತ್ರವೇನೂ ಇಲ್ಲ. ಹದಿಮೂರು ಕಾಲಂ, ಒಂದೊಂದಕ್ಕೆ ಒಂದು ವಾರ. ಶನಿವಾರ ಬ್ಯಾಂಕಿನಲ್ಲಿ ನಿಜವಾಗಿ ಎಷ್ಟಿದೆಯೋ ಅದರಿಂದ ಆರಂಭ. ಬರಬೇಕಾದ ಬಿಲ್ಲುಗಳು ಯಾವ ವಾರ ಕೈಗೆ ಸಿಗುತ್ತವೆ, ಕೊಡಬೇಕಾದವು ಯಾವ ವಾರ ಹೋಗುತ್ತವೆ, ಸಂಬಳ, ತೆರಿಗೆ, ಸಾಲದ ಕಂತು. ಕೂಡಿಸಿ ಕಳೆದರೆ ವಾರದ ಕೊನೆಗೆ ಉಳಿಯುವುದೆಷ್ಟು. ಸೋಮವಾರ ಬಂತೆಂದರೆ ಕಳೆದ ವಾರ ಬಿದ್ದುಹೋಗುತ್ತದೆ, ಕೊನೆಗೆ ಹೊಸದೊಂದು ವಾರ ಸೇರುತ್ತದೆ, ಬಿಲ್ಲುಗಳ ಪಟ್ಟಿಯನ್ನು ಕಂಪ್ಯೂಟರಿನಿಂದ ಹೊಸದಾಗಿ ಇಳಿಸಿ ಎಲ್ಲವನ್ನೂ ಮತ್ತೆ ಕೂರಿಸಬೇಕು. ಹೋದ ವಾರ ಬರುತ್ತದೆ ಅಂದದ್ದೆಷ್ಟು, ಬಂದದ್ದೆಷ್ಟು ಎಂಬುದನ್ನೂ ಅವಳು ಪಕ್ಕದಲ್ಲಿ ಬರೆದಿಡುತ್ತಿದ್ದಳು. ಜಗಳ ಹುಟ್ಟುತ್ತಿದ್ದದ್ದು ಆ ಪಕ್ಕದ ಬರಹದಿಂದಲೇ.

ಜಗಳಕ್ಕೆ ಎದುರಾಳಿ ಯಜಮಾನರ ತಮ್ಮ. ಮಾರಾಟವೆಲ್ಲ ಅವನ ಕೈಯಲ್ಲಿ. ಮಾತು ಬೆಣ್ಣೆ, ಅಂಗಿ ಇಸ್ತ್ರಿ, ಯಾವ ಗಿರಾಕಿಯ ಹೆಸರೆತ್ತಿದರೂ "ಅದು ಬಂತು ಅಂತಾನೇ ತಿಳ್ಕೊಳ್ಳಿ ಅಕ್ಕಾ" ಎನ್ನುವ ಮನುಷ್ಯ.

ಸಾಬೂನು ಕಂಪನಿಯೊಂದರಿಂದ ಇಪ್ಪತ್ತಾರು ಲಕ್ಷ ಬರಬೇಕಿತ್ತು. ಗಡುವು ಮುಗಿದಿತ್ತು. ಯಾವ ವಾರಕ್ಕೆ ಹಾಕಲಿ ಎಂದರೆ ತಮ್ಮ, "ಮುಂದಿನ ವಾರ, ಕಣ್ಣು ಮುಚ್ಕೊಂಡು ಹಾಕಿ" ಅಂದ. ಹಾಳೆಯಲ್ಲಿ ಮುಂದಿನ ವಾರವೆಂದರೆ ಎರಡನೆಯದು. ಹಾಕಿದಳು. ಮರುಸೋಮವಾರ ಕೇಳಿದರೆ ಅದೇ ಉತ್ತರ. ಹೀಗೆ ಆರು ಸೋಮವಾರ ಆ ಇಪ್ಪತ್ತಾರು ಲಕ್ಷ ಎರಡನೇ ವಾರದಲ್ಲೇ ಗೂಟ ಹೊಡೆದು ಕೂತಿತು. ವಾರಗಳು ಉರುಳಿದವು, ಅದು ಮಾತ್ರ ಒಂದನೇ ವಾರಕ್ಕೆ ಬರಲೇ ಇಲ್ಲ.

"ಭಾನುವಾರ ಮಧ್ಯಾಹ್ನಕ್ಕೇ ನಿನ್ನ ಮುಖ ಸೋಮವಾರ ಆಗೋಗಿರುತ್ತೆ ಕಣೇ," ಎಂದ ಶಾಲೆಯ ಬಸ್ಸು ಓಡಿಸುವ ಅವಳ ಗಂಡ, ಬಟ್ಟೆ ಮಡಚುತ್ತಾ.

"ನಿಮ್ಮ ಬಸ್ಸಲ್ಲಿ ಒಂದು ಮಗು ಆರು ವಾರ ಹತ್ತದೇ ಇದ್ರೆ ಏನ್ಮಾಡ್ತೀರಿ?"

"ಮನೆಗೆ ಫೋನ್ ಮಾಡಿ ಕೇಳ್ತೀನಿ."

"ನಮ್ಮಲ್ಲಿ ಕೇಳಂಗಿಲ್ಲ. ಗಿರಾಕಿಗೆ ಲೆಕ್ಕದವರು ಫೋನ್ ಮಾಡಿದ್ರೆ ಸಂಬಂಧ ಕೆಡುತ್ತಂತೆ."

ಏಳನೇ ಸೋಮವಾರ ಅವಳು ಯಾರನ್ನೂ ಕೇಳದೆ ಆ ಮೊತ್ತವನ್ನು ಎತ್ತಿ ಹದಿಮೂರು ವಾರದಿಂದಲೇ ಆಚೆ ಇಟ್ಟಳು. ಇಟ್ಟದ್ದೇ ತಡ, ಐದನೇ ವಾರ ಬಾಯಿಬಿಟ್ಟಿತು. ಆ ವಾರ ಸಂಬಳ, ಕಾಗದದ ಗಿರಣಿಗೆ ಪಾವತಿ, ಅಂಟು ಹಚ್ಚುವ ಹೊಸ ಯಂತ್ರದ ಕಂತು, ಮೂರೂ ಒಟ್ಟಿಗೆ. ಖಾತೆಯಲ್ಲಿ ಹಣವಿಲ್ಲದಾಗಲೂ ತೆಗೆಯಲು ಬ್ಯಾಂಕು ಕೊಟ್ಟಿದ್ದ ಓವರ್‌ಡ್ರಾಫ್ಟ್ ನಲವತ್ತು ಲಕ್ಷದವರೆಗೆ. ಬೇಕಾಗುತ್ತದೆಂದು ಹಾಳೆ ತೋರಿಸಿದ್ದು ಐವತ್ತೆರಡು. ಹನ್ನೆರಡು ಲಕ್ಷದ ಗುಂಡಿ.

ಯಜಮಾನರ ಕೋಣೆಗೆ ಹಾಳೆ ಒಯ್ದಳು. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಇದೇನಮ್ಮಾ, ಹೋದ ವಾರ ಸರಿಯಾಗೇ ಇತ್ತಲ್ಲ?"

"ಹೋದ ವಾರ ಸಾಬೂನಿನವರ ದುಡ್ಡು ಸೇರಿತ್ತು ಸಾರ್. ಆರು ವಾರದಿಂದ ಸೇರಿಸ್ತಾನೇ ಇದ್ದೀನಿ. ಇಲ್ನೋಡಿ, ಆರೂ ಹಾಳೆ." ಮೇಜಿನ ಮೇಲೆ ಸಾಲಾಗಿ ಹರಡಿದಳು. ಪ್ರತಿಯೊಂದರಲ್ಲೂ ಅದೇ ಮೊತ್ತಕ್ಕೆ ಸುತ್ತು ಹಾಕಿದ್ದಳು.

ಯಜಮಾನರು ಆರನ್ನೂ ಒಟ್ಟು ಮಾಡಿ ಪಕ್ಕಕ್ಕೆ ಸರಿಸಿದರು. ನಂತರ ಹೇಳಿದ್ದು ಬೇರೆ. "ಇದು ಇವತ್ತು ಬ್ಯಾಂಕಿಗೆ ಹೋಗ್ಬೇಕಲ್ವಾ? ಓವರ್‌ಡ್ರಾಫ್ಟ್ ನವೀಕರಣ ಇದೆ. ಗುಂಡಿ ತೋರಿಸಿದ್ರೆ ಅವರು ಬೆಚ್ಚಿಬೀಳ್ತಾರೆ. ಆ ಇಪ್ಪತ್ತಾರನ್ನ ನಾಲ್ಕನೇ ವಾರಕ್ಕೆ ಹಾಕಿಬಿಡು. ಹೇಗೂ ಬರೋ ದುಡ್ಡೇ ತಾನೇ."

"ಯಾವಾಗ ಬರುತ್ತೆ ಅಂತ ಯಾರು ಹೇಳಿದ್ದು ಸಾರ್?"

"ತಮ್ಮ ಹೇಳ್ತಾನಲ್ಲ."

ಅವಳಿಗೆ ತಲೆ ಚಿಟ್ಟುಹಿಡಿಯಿತು. ಆದರೂ ದನಿ ಏರಿಸಲಿಲ್ಲ. "ಹಾಕೋದಾದ್ರೆ ನೀವೇ ಹಾಕಿ, ಕೆಳಗೆ ನೀವೇ ಸಹಿ ಮಾಡಿ. ನನ್ನ ಕೈಯಲ್ಲಿ ಆಗಲ್ಲ. ಐದನೇ ವಾರ ಕಿಟಕಿ ಮುಂದೆ ಬಂದು ನಿಲ್ಲೋರು ನನ್ನನ್ನ ಕೇಳ್ತಾರೆ, ನಿಮ್ಮನ್ನಲ್ಲ."

ಯಜಮಾನರು ಪೆನ್ನನ್ನು ಕೈಗೆತ್ತಿಕೊಂಡರು, ಕೆಳಗಿಟ್ಟರು. "ಇದ್ದಂಗೇ ಕಳಿಸು ಹಾಗಾದ್ರೆ," ಎಂದು ಮುಖ ತಿರುಗಿಸಿದರು.

ಗುಂಡಿ ಇದ್ದಂತೆಯೇ, ಏಕೆ ಬಿತ್ತು ಎಂದು ಎರಡು ಸಾಲು ಬರೆದು ಕಳಿಸಿದಳು. ಯಜಮಾನರು ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಮೂರು ಗಂಟೆಗೆ ಬ್ಯಾಂಕಿನ ಅಧಿಕಾರಿಯ ಫೋನು ಬಂತು. ಆತನ ತಕರಾರು ಒಂದೇ: ಫೈಲಿನ ಹೆಸರಿನಲ್ಲಿ ಹೋದ ತಿಂಗಳ ತಾರೀಖಿದೆ, ತಿದ್ದಿ ಕಳಿಸಿ. ಈ ಹಾಳೆಯನ್ನು ಬ್ಯಾಂಕಿನವರು ತೆರೆದಾದರೂ ನೋಡುತ್ತಾರೋ ಇಲ್ಲವೋ ಎಂಬ ಅನುಮಾನ ಅವಳಿಗೆ ಅಂದು ಹುಟ್ಟಿದ್ದು ಮತ್ತೆಂದೂ ಪೂರ್ತಿ ಹೋಗಲಿಲ್ಲ.

ಮಂಗಳವಾರ ಬೆಳಿಗ್ಗೆ ಅವಳು ಆವರೆಗೆ ಮಾಡದಿದ್ದ ಕೆಲಸ ಮಾಡಿದಳು. ಸಾಬೂನು ಕಂಪನಿಗೆ ನೇರವಾಗಿ ಫೋನು ಹಚ್ಚಿ, ಬಿಲ್ ಪಾಸು ಮಾಡುವವರನ್ನು ಕೇಳಿದಳು. ಫೋನೆತ್ತಿದ್ದೂ ಹೆಂಗಸೇ. ಅವಳ ದನಿಯಲ್ಲಿ ತನ್ನದೇ ದಣಿವು ಕೇಳಿಸಿತು.

"ಅಯ್ಯೋ, ನೀವಾದ್ರೂ ಫೋನ್ ಮಾಡಿದ್ರಲ್ಲ! ನಿಮ್ಮ ಮಾರಾಟದವರಿಗೆ ಮೂರು ಸಲ ಮೇಲ್ ಹಾಕಿದೀನಿ. ಒಂದು ಲೋಡಿನ ಪೆಟ್ಟಿಗೆಗಳ ತಳ ಕಿತ್ತುಬಂತು ಅಂತ. ಬಿಲ್ಲಲ್ಲಿ ಮೂರೂವರೆ ಲಕ್ಷ ಕಮ್ಮಿ ಮಾಡಿದೀವಿ ಅಂತ ಕ್ರೆಡಿಟ್ ನೋಟ್ ಕೊಡಿ, ಉಳಿದಿದ್ದೆಲ್ಲ ಪಾಸ್ ಮಾಡ್ತೀನಿ ಅಂದಿದ್ದೆ. ಅದು ಬರೋತನಕ ನಿಮ್ಮ ಖಾತೆನೇ ಲಾಕ್ ಆಗಿದೆ."

"ಕೊಟ್ರೆ ದುಡ್ಡು ಯಾವತ್ತು ಬರುತ್ತೆ?"

"ನಮ್ಮಲ್ಲಿ ವಾರ ಬಿಟ್ಟು ವಾರ, ಶುಕ್ರವಾರ ಮಾತ್ರ ಪಾವತಿ. ಬುಧವಾರ ಸಂಜೆಯೊಳಗೆ ಕಾಗದ ಬಂದ್ರೆ ಈ ಶುಕ್ರವಾರಕ್ಕೆ. ತಪ್ಪಿದ್ರೆ ಇನ್ನೆರಡು ವಾರ."

ತಮ್ಮನನ್ನು ಹುಡುಕಿಕೊಂಡು ಹೋದಳು. ಲೋಡಿಂಗ್ ಕಟ್ಟೆಯ ಮೇಲೆ ನಿಂತು ಯಾರಿಗೋ ಫೋನಿನಲ್ಲಿ ನಗುತ್ತಿದ್ದ. ವಿಷಯ ಹೇಳಿದ ಮೇಲೆ ನಗು ಹೋಯಿತು.

"ಅಕ್ಕಾ, ಅಣ್ಣಂಗೆ ಹೇಳ್ಬೇಡಿ. ಆ ಲೋಡು ನಾನೇ ಅವಸರ ಮಾಡಿ ಕಳಿಸಿದ್ದು, ಅಂಟು ಒಣಗಿರಲಿಲ್ಲ. ಮಾತಾಡಿ ಸರಿ ಮಾಡ್ತೀನಿ ಅಂದ್ಕೊಂಡೆ."

"ಆರು ವಾರ ಮಾತಾಡ್ತಾ ಇದ್ರಾ?"

ಅವನು ಬೂಟಿನ ತುದಿಯಿಂದ ನೆಲ ಕೆರೆದ. ಅಣ್ಣನಿಗೆ ಹೇಳದೆ ದಾರಿಯಿರಲಿಲ್ಲ, ಕ್ರೆಡಿಟ್ ನೋಟಿಗೆ ಅವರದೇ ಸಹಿ ಬೇಕು. ಬುಧವಾರ ಇಡೀ ದಿನ ಅಣ್ಣ ತಮ್ಮಂದಿರ ಕೂಗಾಟ ಗಾಜಿನ ಬಾಗಿಲಾಚೆಗೂ ಕೇಳಿಸಿತು. ಅವಳು ಕಾಗದ ಹಿಡಿದು ಎರಡು ಸಲ ಬಾಗಿಲು ತಟ್ಟಿದಳು, ಎರಡು ಸಲವೂ "ಆಮೇಲೆ ಬಾ" ಎಂಬ ಉತ್ತರ. ಸಹಿ ಬಿದ್ದಾಗ ಗುರುವಾರ ಹನ್ನೊಂದು ಗಂಟೆ. ತಪ್ಪು ಯಾರದು ಎಂದು ತೀರ್ಮಾನಿಸುವಷ್ಟರಲ್ಲಿ ಎರಡು ವಾರ ಕೈಬಿಟ್ಟುಹೋಗಿತ್ತು.

ಎಂಟನೇ ಸೋಮವಾರ ಇಪ್ಪತ್ತೆರಡೂವರೆ ಲಕ್ಷವನ್ನು ಹಾಳೆಗೆ ಹಾಕಿದಳು. ಶುಕ್ರವಾರದ ಲೆಕ್ಕ ಹಿಡಿದರೆ ಅದು ಬಿದ್ದದ್ದು ಎರಡನೇ ವಾರಕ್ಕೇ. ಅವಳಿಗೇ ನಗು ಬಂತು. ಆದರೆ ಈ ಸಲ ಆ ಹೆಂಗಸು ತಾರೀಖು ಬರೆದು ಕಳಿಸಿದ ಮೇಲ್ ಕೈಯಲ್ಲಿತ್ತು. ಐದನೆಯದರಿಂದ ನಾಲ್ಕನೆಯದಕ್ಕೆ ಸರಿದಿದ್ದ ಕೆಟ್ಟ ವಾರದ ಓವರ್‌ಡ್ರಾಫ್ಟ್ ಇಪ್ಪತ್ತೊಂಬತ್ತೂವರೆಗೆ ಇಳಿದು ಮಿತಿಯೊಳಗೆ ಬಂತು. ಉಸಿರು ಬಿಟ್ಟಳು.

ಅದು ಎರಡೇ ದಿನದ ನೆಮ್ಮದಿ. ಬುಧವಾರ ಕಾಗದದ ಗಿರಣಿಯವರು ತಮ್ಮ ಖಾತೆಯ ಪಟ್ಟಿ ಕಳಿಸಿದರು. ಅವರ ಪ್ರಕಾರ ಬಾಕಿ ಇವಳ ಪುಸ್ತಕಕ್ಕಿಂತ ಹದಿನಾಲ್ಕು ಲಕ್ಷ ಹೆಚ್ಚು. ಖರೀದಿಯವನ ಮೇಜಿನ ಮುಂದೆ ಹೋಗಿ ನಿಂತಳು.

"ಬಿಲ್ಲು ಬಂದಿದೆಯಾ?"

"ಬಂದಿದೆ ಮೇಡಂ. ದರದಲ್ಲಿ ಸ್ವಲ್ಪ ವ್ಯತ್ಯಾಸ ಇತ್ತು, ಮಾತಾಡಿ ಆಮೇಲೆ ಕೊಡೋಣ ಅಂತ..." ಡ್ರಾಯರ್ ಎಳೆದ. ಒಂಬತ್ತು ಬಿಲ್ಲು. ಮೇಲಿನದರ ಮೇಲೆ ಚಹಾ ಲೋಟದ ಉಂಗುರ.

"ನೀವು ಡ್ರಾಯರಲ್ಲಿ ಇಟ್ರೆ ಅವರು ದುಡ್ಡು ಕೇಳೋದು ಬಿಡ್ತಾರಾ? ನನ್ನ ಹಾಳೆಗೆ ಗೊತ್ತಾಗಲ್ಲ, ಅಷ್ಟೇ!" ಈ ಸಲ ಅವಳ ದನಿ ಏರಿತು. ಯಂತ್ರದ ಬಳಿಯಿದ್ದವರೂ ತಿರುಗಿ ನೋಡಿದರು. ಖರೀದಿಯವನು ಬಿಲ್ಲುಗಳನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟ.

ಹದಿನಾಲ್ಕೂ ಅದೇ ಕೆಟ್ಟ ವಾರದ ಹೊತ್ತಿಗೇ ಕೊಡಬೇಕಾದದ್ದು. ಇಪ್ಪತ್ತೊಂಬತ್ತೂವರೆ ಹೋಗಿ ನಲವತ್ಮೂರೂವರೆ. ಮತ್ತೆ ಮಿತಿ ದಾಟಿತು. ಆದರೆ ಇನ್ನೂ ಮೂರು ವಾರವಿತ್ತು. ಇವತ್ತೇ ಕೊಡಲಾರೆವು ಎಂದರೆ ಯಾರು ಕೇಳುತ್ತಾರೆ? ಮೂರು ವಾರ ಮುಂಚೆ ಹೇಳಿದರೆ ಕೇಳುವವರಿದ್ದಾರೆ. ಗಿರಣಿಯ ಮುದುಕ ಲೆಕ್ಕಿಗನೊಂದಿಗೆ ತಾನೇ ಮಾತಾಡಿ, ಆರು ಲಕ್ಷವನ್ನು ಮಾತ್ರ ಎರಡು ವಾರ ಮುಂದೂಡಲು ಒಪ್ಪಿಸಿದಳು. ಮುಂದೂಡಿದ ವಾರದಲ್ಲಿ ಆ ಆರು ಲಕ್ಷಕ್ಕೆ ಜಾಗವಿದೆಯೇ ಎಂದು ಮೊದಲೇ ನೋಡಿಕೊಂಡಿದ್ದಳು. ಕೊಟ್ಟ ಮಾತು ತಪ್ಪಿದರೆ ಮತ್ತೊಮ್ಮೆ ಆ ಮುದುಕ ಫೋನೆತ್ತುವುದಿಲ್ಲ.

ಮುಂದಿನ ವಾರದ ಶುಕ್ರವಾರ ಸಾಬೂನಿನ ದುಡ್ಡು ಬಂತು. ಕೆಟ್ಟ ವಾರದಲ್ಲಿ ಸಂಬಳ ಒಂದು ದಿನವೂ ತಡವಾಗದೆ ಬಿತ್ತು, ಯಂತ್ರದ ಕಂತೂ ಹೋಯಿತು. ವಾರದ ಕೊನೆಗೆ ಓವರ್‌ಡ್ರಾಫ್ಟ್ ನಿಂತದ್ದು ಮೂವತ್ತೇಳು ಲಕ್ಷ ಚಿಲ್ಲರೆಯಲ್ಲಿ. ಕತ್ತರಿಸುವ ಯಂತ್ರದ ಹಿರಿಯನಿಗಾಗಲಿ ಬೇರೆಯವರಿಗಾಗಲಿ ಎಂಥ ತೊಂದರೆ ತಪ್ಪಿತೆಂಬುದು ಗೊತ್ತೇ ಆಗಲಿಲ್ಲ.

ಯಜಮಾನರು ಅವಳನ್ನು ಕರೆದರು. ಹೊಗಳುತ್ತಾರೇನೋ ಎಂದು ಹೋದಳು.

"ನೋಡಿದ್ಯಾ, ತಮ್ಮ ಬರುತ್ತೆ ಅಂದಿದ್ದ, ಬಂತು. ನೀನು ಸುಮ್ನೆ ಗಾಬರಿ ಮಾಡ್ದೆ."

ಉತ್ತರ ಬಾಯಿತುದಿಗೆ ಬಂದಿತ್ತು. ನುಂಗಿಕೊಂಡು ಬೇರೆಯದನ್ನು ಕೇಳಿದಳು. "ಸಾರ್, ಮೂರು ವಿಷಯ. ಖರೀದಿ ಬಿಲ್ಲು, ತಕರಾರಿದ್ರೂ ಸರಿ, ಶನಿವಾರ ಮಧ್ಯಾಹ್ನದೊಳಗೆ ನನ್ನ ಮೇಜಿಗೆ ಬರ್ಬೇಕು. ಗಡುವು ದಾಟಿದ ಗಿರಾಕಿಗೆ ನಾನೇ ಫೋನ್ ಮಾಡ್ತೀನಿ. ಬಾಯಿಮಾತಿನ ತಾರೀಖು ಹಾಳೆಗೆ ಹತ್ತಲ್ಲ. ಅವರು ಹಿಂದೆ ಎಷ್ಟು ದಿನಕ್ಕೆ ಕೊಟ್ಟಿದ್ದಾರೋ ಅಷ್ಟೇ ಹಾಕೋದು."

ಯಜಮಾನರು ಬೇಡ ಅನ್ನಲಿಲ್ಲ. ಅವರ ಭಾಷೆಯಲ್ಲಿ ಅದು ಒಪ್ಪಿಗೆ ಎಂಬುದು ಇಪ್ಪತ್ತೆರಡು ವರ್ಷದಲ್ಲಿ ಅವಳಿಗೆ ತಿಳಿದಿತ್ತು.

ಮುಂದಿನ ಸೋಮವಾರ ತಮ್ಮ ತಾನಾಗಿಯೇ ಅವಳ ಕೋಣೆಗೆ ಬಂದ. "ಅಕ್ಕಾ, ಆ ಔಷಧಿ ಕಂಪನಿಯವರು ಈ ತಿಂಗಳು ಕೊಡಲ್ಲ. ಅವರ ಗೋದಾಮಲ್ಲಿ ಎಣಿಕೆ ನಡೀತಿದೆ. ಎರಡು ವಾರ ಆಚೆ ಹಾಕಿ."

ಅವಳು ಕೈಬೆರಳು ಕೀಲಿಮಣೆಯ ಮೇಲೆಯೇ ಬಿಟ್ಟು ಅವನ ಮುಖ ನೋಡಿದಳು. "ಗಡುವು ದಾಟಿದ ಬೇರೆ ಇಬ್ಬರದು?"

"ಅದಾ? ಅದು ಬಂತು ಅಂತಾನೇ ತಿಳ್ಕೊಳ್ಳಿ."

ನಿಟ್ಟುಸಿರಿಟ್ಟು ಆ ಇಬ್ಬರ ಫೋನ್ ನಂಬರು ಹುಡುಕತೊಡಗಿದಳು.